ಬಾಪಟ್ಲದಲ್ಲಿ ಗಾಳಿ ನಿಂತರೆ ಸಿಂಧನೂರಿನಲ್ಲಿ ಭತ್ತ ಹರವಬಹುದೇ?

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಮುಂಗಾರಿನ ಭತ್ತ ಕೊಯ್ಲಿಗೆ ಬರುವುದು ನವೆಂಬರ್–ಡಿಸೆಂಬರಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಹೊತ್ತೂ ಅದೇ. ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಇಳಿಸಿಕೊಂಡು ಒಣಗಿಸುವ ಉಸ್ತುವಾರಿ ನೋಡುತ್ತೇನೆ. ಹಾರ್ವೆಸ್ಟರಿನಿಂದ ನೇರ ಬರುವ ಭತ್ತದಲ್ಲಿ ತೇವಾಂಶ 20–22 ಪರ್ಸೆಂಟ್ ಇರುತ್ತದೆ. 14ಕ್ಕೆ ಇಳಿಯದೆ ಅದನ್ನು ಗೋದಾಮಿನಲ್ಲಿ ತುಂಬಿಡುವಂತಿಲ್ಲ. ಡ್ರೈಯರ್ ಇದ್ದರೂ ಸುಗ್ಗಿಯಲ್ಲಿ ಬರುವ ಮಾಲಿಗೆಲ್ಲ ಅದು ಸಾಲದು. ಉಳಿದದ್ದಕ್ಕೆ ಅಂಗಳ, ಬಿಸಿಲು, ಹಮಾಲರ ಕಾಲೇ ಗತಿ. ಹಾಗಾಗಿ ದಿನಾ ಸಂಜೆ ಒಂದು ನಿರ್ಧಾರ ಮಾಡಲೇಬೇಕು: ನಾಳೆ ಹರವುವುದೋ, ರಾಶಿ ಮಾಡಿ ತಾಡಪತ್ರಿ ಹೊದಿಸುವುದೋ?

ಆ ಕೊಲ್ಲಿ ನಮ್ಮಿಂದ ಸುಮಾರು 400 ಕಿ.ಮೀ. ದೂರ. ಆದರೂ ಈ ಎರಡು ತಿಂಗಳು ನನ್ನ ಮೊಬೈಲಿನಲ್ಲಿ ಮೊದಲು ತೆರೆಯುವುದು ಹವಾಮಾನ ಇಲಾಖೆಯ mausam.imd.gov.in. ಆಂಧ್ರದಿಂದ ಬಂದು ನೆಲೆಸಿದ ನಮ್ಮ ಕ್ಯಾಂಪುಗಳ ರೈತರಿಗೆ ಅದಕ್ಕಿಂತ ಚುರುಕಾದ ಸುದ್ದಿಮೂಲ ಇದೆ, ಗುಂಟೂರು–ಕೃಷ್ಣಾ ಕಡೆಯ ನೆಂಟರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಆಂಧ್ರ ಕರಾವಳಿಯ ಬಾಪಟ್ಲದ ಹತ್ತಿರ ದಡ ಹತ್ತಿದ ಸಂಜೆ ಒಬ್ಬ ರೈತರು ಫೋನ್ ಮಾಡಿದರು.

"ಬಾಪಟ್ಲದಾಗ ನಮ್ಮ ಮಾವ ಅದಾನ್ರಿ. ಗಾಳಿ ಇಳಿದೈತಂತ. ನಾಳೆ ಮಶೀನ್ ಹಚ್ಚಲೇನ್ರಿ?"

"ಗಾಳಿ ಇರಲಿ ಬಿಡ್ರಿ, ಅದು ಈಗ ಎತ್ತಾಗ ಹೊಂಟೈತಿ ಅನ್ನೋದು ನೋಡೋಣ," ಅಂದೆ.

ಯಾಕೆ ಹಾಗೆ ಕೇಳಬೇಕಾಯಿತು ಅನ್ನುವುದಕ್ಕೆ ಚಂಡಮಾರುತ ಏನು ತಿಂದು ಬೆಳೆಯುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಮಿಲ್ಲಿನವರಿಗೆ ಇದು ಕಷ್ಟದ ವಿಷಯವಲ್ಲ. ಒಂದು ಟನ್ ಭತ್ತವನ್ನು 22ರಿಂದ 14 ಪರ್ಸೆಂಟಿಗೆ ತರಬೇಕಾದರೆ ಸುಮಾರು 93 ಲೀಟರ್ ನೀರನ್ನು ಆವಿ ಮಾಡಿ ಓಡಿಸಬೇಕು. ಡ್ರೈಯರಿನ ಕುಲುಮೆ ಅಷ್ಟೊಂದು ಹೊಟ್ಟು ನುಂಗುವುದು ಇದಕ್ಕೇ. ಒಂದು ಲೀಟರ್ ನೀರು ಆವಿಯಾಗಲು ಹಿಡಿಯುವ ಶಾಖದಲ್ಲಿ ಐದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಆ ಶಾಖ ಎಲ್ಲೂ ಹೋಗುವುದಿಲ್ಲ, ಆವಿಯೊಳಗೇ ಅಡಗಿರುತ್ತದೆ. ಆವಿ ಮತ್ತೆ ಹನಿಯಾದಾಗ ಪೂರ್ತಿ ಹೊರಬರುತ್ತದೆ.

ಕೊಲ್ಲಿಯ ಮೇಲೆ ಇದೇ ಲೆಕ್ಕ ನೂರಾರು ಕಿ.ಮೀ. ಅಗಲಕ್ಕೆ ನಡೆಯುತ್ತದೆ. ಬೆಚ್ಚಗಿನ ನೀರಿನಿಂದ ಎದ್ದ ಆವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖ ನಡುವಿನ ಗಾಳಿಯನ್ನು ಬೆಚ್ಚಗೆ, ಹಗುರ ಮಾಡುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಗಾಳಿ ಜೋರಾದಷ್ಟೂ ನೀರು ಬೇಗ ಆವಿಯಾಗುತ್ತದೆ. ಆವಿ ಹೆಚ್ಚಿದಷ್ಟೂ ಶಾಖ ಹೆಚ್ಚುತ್ತದೆ, ಒತ್ತಡ ಇನ್ನೂ ಕುಸಿಯುತ್ತದೆ. ಸಮುದ್ರ ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿದ್ದರೆ ಈ ಸುತ್ತು ತನ್ನಷ್ಟಕ್ಕೆ ತಾನೇ ಬಲಿಯುತ್ತ ಹೋಗಬಹುದು. ಬಹುದು ಅಂದೆ, ಯಾಕೆಂದರೆ ಮೇಲಿನ ಪದರದ ಗಾಳಿ ಬೇರೆ ದಿಕ್ಕಿಗೆ, ಬೇರೆ ವೇಗದಲ್ಲಿ ಬೀಸುತ್ತಿದ್ದರೆ ಮೋಡದ ಕಂಬವೇ ವಾಲಿಬಿಡುತ್ತದೆ. ಆಗ ನೀರು ಎಷ್ಟು ಬೆಚ್ಚಗಿದ್ದರೂ ಉಪಯೋಗವಿಲ್ಲ.

ಮೇಲ್ಪದರ ಮಾತ್ರ ಬೆಚ್ಚಗಿದ್ದರೂ ಸಾಲದು. ಚಂಡಮಾರುತ ಸಮುದ್ರವನ್ನು ಕಲಕುತ್ತದೆ. ಅಡಿಯಲ್ಲಿ ತಣ್ಣೀರು ಹತ್ತಿರದಲ್ಲೇ ಇದ್ದರೆ ಅದು ಮೇಲೆ ಬಂದು ಚಂಡಮಾರುತದ ಹೊಟ್ಟೆಗೇ ಹೊಡೆಯುತ್ತದೆ. ಐವತ್ತು ಮೀಟರ್ ಆಳದವರೆಗಾದರೂ ಬಿಸುಪು ಇರಬೇಕು ಅನ್ನುವುದು ಅದಕ್ಕೇ. ಒಂದೇ ಕಡೆ ತೆವಳುವ ಚಂಡಮಾರುತ ಎಷ್ಟೋ ಸಲ ತಾನು ಕಲಕಿದ ನೀರಿನಲ್ಲೇ ಸೊರಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಇದಕ್ಕೊಂದು ಅಡ್ಡಿ ಇದೆ. ಮಳೆಗಾಲದಲ್ಲಿ ಗಂಗಾ, ಗೋದಾವರಿ, ಕೃಷ್ಣಾ ನದಿಗಳು ತಂದು ಸುರಿಯುವ ಸಿಹಿನೀರು ಹಗುರವಾದ್ದರಿಂದ ಮೇಲೇ ಹರಡಿಕೊಳ್ಳುತ್ತದೆ, ಕೆಳಗಿನ ಉಪ್ಪುನೀರಿನೊಂದಿಗೆ ಸುಲಭಕ್ಕೆ ಬೆರೆಯುವುದಿಲ್ಲ. ತಣ್ಣೀರು ಮೇಲೆ ಬರುವುದನ್ನು ಅಷ್ಟರಮಟ್ಟಿಗೆ ತಡೆಯುತ್ತದೆ. ನಮ್ಮ ತುಂಗಭದ್ರೆಯ ಗೇಟಿನಿಂದ ಆಗಸ್ಟಿನಲ್ಲಿ ಬಿಟ್ಟ ನೀರಿನ ಪಾಲೂ ಅದರಲ್ಲಿ ಇರುತ್ತದೆ ಅನ್ನುವುದು ನೆನಪಾದಾಗ ನನಗೆ ಸ್ವಲ್ಪ ನಗು ಬರುತ್ತದೆ.

ದಡ ಹತ್ತಿದ ಕೂಡಲೇ ಆವಿಯ ಪೂರೈಕೆ ಕಡಿಯುತ್ತದೆ. ಮರ, ಮನೆ, ಗುಡ್ಡಗಳಿಗೆ ಉಜ್ಜಿ ಗಾಳಿ ನಿಧಾನವಾಗುತ್ತದೆ ಅನ್ನುವುದೂ ನಿಜವೇ, ಆದರೆ ಮುಖ್ಯ ಕಾರಣ ಅದಲ್ಲ. ಕುಲುಮೆಗೆ ಹೊಟ್ಟು ನಿಂತುಹೋಗಿದೆ, ಅಷ್ಟೆ. ಗಾಳಿ ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ ಅಮೆರಿಕದ ಚಂಡಮಾರುತಗಳ ದಾಖಲೆಯಿಂದ ಮಾಡಿದ ಒಂದು ಅಂದಾಜು ಇದೆ. ದಡ ಹತ್ತುವಾಗಲೇ ಹತ್ತನೇ ಒಂದು ಪಾಲು ಹೋಗುತ್ತದೆ. ಆಮೇಲೆ ಗಂಟೆಗೆ 50 ಕಿ.ಮೀ.ಗಿಂತ ಮೇಲಿರುವ ಭಾಗ ಸುಮಾರು ಏಳು ಗಂಟೆಗೊಮ್ಮೆ ಅರ್ಧವಾಗುತ್ತದೆ.

ಮಿಚಾಂಗ್‌ಗೆ ಇದನ್ನು ಹಚ್ಚಿ ನೋಡಿ. 2023ರ ಡಿಸೆಂಬರ್ 5ರ ಮಧ್ಯಾಹ್ನ ದಡ ಹತ್ತುವಾಗ ಗಾಳಿ ಗಂಟೆಗೆ 90–100 ಕಿ.ಮೀ. ನಡುವಿನ 95 ಹಿಡಿದರೆ, ದಡದಲ್ಲಿ 85ಕ್ಕೆ ಬಂತು. 50ರ ಮೇಲೆ ಉಳಿದದ್ದು 35. ರಾತ್ರಿ ಒಂಬತ್ತರ ಹೊತ್ತಿಗೆ ಅದು 17–18, ಬೆಳಗಿನ ಜಾವಕ್ಕೆ 9. ಅಂದರೆ ಒಟ್ಟು 59 ಕಿ.ಮೀ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ 62 ಮುಟ್ಟಿದರೆ ಚಂಡಮಾರುತ, ಅದರ ಕೆಳಗೆ 50ರವರೆಗೆ ಡೀಪ್ ಡಿಪ್ರೆಷನ್. ಮರುದಿನ ಬೆಳಗಿನ ಹೊತ್ತಿಗೆ ಮಿಚಾಂಗ್ ಚಂಡಮಾರುತವಾಗಿ ಉಳಿದಿರಲಿಲ್ಲ. ನೆಂಟರು ಹೇಳಿದ್ದು ಸುಳ್ಳಲ್ಲ.

ಆದರೆ ಭತ್ತ ಕೆಡಿಸುವುದು ಗಾಳಿಯಲ್ಲ. ಗಾಳಿ ಇಳಿದಷ್ಟು ಬೇಗ ಮಳೆ ಇಳಿಯುವುದಿಲ್ಲ. ಮೇಲೆ ಹೋದ ಆವಿ ಇನ್ನೂ ಅಲ್ಲೇ ಇರುತ್ತದೆ. ಜೊತೆಗೆ, ನೆಲಕ್ಕೆ ಉಜ್ಜಿ ನಿಧಾನವಾದ ಗಾಳಿ ಸುತ್ತುವುದು ಬಿಟ್ಟು ಒಳಮುಖವಾಗಿ ನುಗ್ಗಿ ಒತ್ತಾಗಿ ಮೇಲೇರುವುದರಿಂದ ದಡದ ಹತ್ತಿರ ಮಳೆ ಕೆಲಹೊತ್ತು ಜೋರಾಗುವುದೂ ಉಂಟು. 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಹತ್ತಿದ ಫೆಂಗಲ್ ನೋಡಿ. ಗಾಳಿ 70–80 ಕಿ.ಮೀ., ಮಿಚಾಂಗ್‌ಗಿಂತ ಕಡಿಮೆ. ಆದರೆ ದಡ ಹತ್ತಿದ ಮೇಲೆ ಗಂಟೆಗಟ್ಟಲೆ ಕದಲಲಿಲ್ಲ, ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ.ಗೂ ಹೆಚ್ಚು ಸುರಿಯಿತು. ನಮ್ಮ ರಾಯಚೂರು ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ನೆನಪು 2009ರ ಅಕ್ಟೋಬರ್ ಮೊದಲ ವಾರದ್ದು. ನದಿಗಳು ಉಕ್ಕಿದವು, ಮಂತ್ರಾಲಯ, ಕರ್ನೂಲು ಮುಳುಗಿದವು. ಅಷ್ಟೆಲ್ಲ ಮಾಡಿದ ಮಳೆಗೆ ಚಂಡಮಾರುತದ ಹೆಸರೇ ಇರಲಿಲ್ಲ.

ಹಾಗಾದರೆ ಮಿಚಾಂಗ್ ಸಂಜೆ ಆ ರೈತರಿಗೆ ನಾನು ಏನು ಹೇಳಬೇಕಿತ್ತು? ಚಂಡಮಾರುತ ನಮ್ಮ ಯಾವ ಮಗ್ಗುಲಿಗೆ ಹಾಯುತ್ತದೆ ಅನ್ನುವುದನ್ನು. ನಮ್ಮ ಗೋಳಾರ್ಧದಲ್ಲಿ ಇದರ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಕೇಂದ್ರದ ಉತ್ತರಕ್ಕೆ ಇರುವವರಿಗೆ ಗಾಳಿ ಪೂರ್ವದಿಂದ, ಕೊಲ್ಲಿಯ ಹಸಿ ಹೊತ್ತು ಬರುತ್ತದೆ. ಪಶ್ಚಿಮಕ್ಕೆ ಇರುವವರಿಗೆ ಉತ್ತರದಿಂದ, ನೆಲದ ಮೇಲೆ ಹಾಯ್ದು ಬರುತ್ತದೆ. ನೆಲ್ಲೂರು ಅಥವಾ ಚೆನ್ನೈ ಬಳಿ ದಡ ಹತ್ತಿ ವಾಯವ್ಯಕ್ಕೆ, ರಾಯಲಸೀಮೆ ಮೇಲೆ ಹೊರಟರೆ ರಾಯಚೂರು–ಬಳ್ಳಾರಿ ಅದರ ಉತ್ತರಕ್ಕೆ ಬೀಳುತ್ತವೆ. ಹೆಸರಿಗೆ ಬರೀ ವಾಯುಭಾರ ಕುಸಿತವಾಗಿ ಉಳಿದಿದ್ದರೂ ಆಗ ನಾನು ಹರವುವುದಿಲ್ಲ. ಮಿಚಾಂಗ್ ಬಾಪಟ್ಲದಿಂದ ನೇರ ಉತ್ತರಕ್ಕೆ, ಖಮ್ಮಂ ಕಡೆಗೆ ಹೊರಟಿತ್ತು. ನಾವು ಅದರ ಪಶ್ಚಿಮಕ್ಕೆ, ದೂರದಲ್ಲಿ ಉಳಿದೆವು. "ಮಳಿ ದೊಡ್ಡದು ಬರಂಗಿಲ್ರಿ. ಆದ್ರ ನಾಳೆ ಬಿಸಿಲೂ ನಂಬಬ್ಯಾಡ್ರಿ, ನಿಂತ ಬೆಳಿ ಒಂದು ದಿನ ಹಂಗೇ ಇರಲಿ," ಅಂದೆ. ನಿಂತ ತೆನೆ ಮೋಡಕ್ಕೆ ಕೆಡುವುದಿಲ್ಲ, ಕೊಯ್ದು ರಾಶಿ ಹಾಕಿದ್ದು ಕೆಡುತ್ತದೆ. ಬೆಳೆ ಬಾಗಿ ನೆಲಕ್ಕೆ ಬಿದ್ದಿದ್ದರೆ ಮಾತ್ರ ಲೆಕ್ಕ ಬೇರೆ, ತೆನೆ ಗದ್ದೆಯಲ್ಲೇ ಮೊಳಕೆ ಒಡೆಯುತ್ತದೆ.

ಬುಲೆಟಿನ್‌ನಲ್ಲಿ ಅದಕ್ಕೇ ನಾನು ಚಂಡಮಾರುತದ ದರ್ಜೆಗಿಂತ ಮೊದಲು ಎರಡು ಸಾಲು ಓದುತ್ತೇನೆ: ಕಳೆದ ಆರು ಗಂಟೆಯಲ್ಲಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಸಾಗಿದೆ. ಗಂಟೆಗೆ 15 ಕಿ.ಮೀ. ಇದ್ದರೆ ಒಂದೆರಡು ದಿನದ ತಾಪತ್ರಯ. ಬಹುತೇಕ ನಿಂತಲ್ಲೇ ಇದೆ ಅಂತ ಬರೆದಿದ್ದರೆ ತಾಡಪತ್ರಿ ಸಾಲುತ್ತದೋ ಎಣಿಸಬೇಕು. ಟಿವಿಯವರು ಒಂದು ಗೆರೆ ಎಳೆದು ತೋರಿಸುತ್ತಾರೆ. ಇಲಾಖೆಯ ನಕ್ಷೆಯಲ್ಲಿ ಆ ಗೆರೆಯ ಸುತ್ತ ಮುಂದೆ ಹೋದಂತೆ ಅಗಲವಾಗುವ ಶಂಕು ಇರುತ್ತದೆ. ಮೂರು ದಿನ ಮುಂಚೆ ಆ ಶಂಕುವಿನ ಒಂದು ಅಂಚು ನಮ್ಮನ್ನು ಉತ್ತರಕ್ಕೂ ಇನ್ನೊಂದು ಅಂಚು ಪಶ್ಚಿಮಕ್ಕೂ ಹಾಕಿದರೆ ನಾನು ಯಾರಿಗೂ ಏನೂ ಹೇಳುವುದಿಲ್ಲ, ದಡ ಹತ್ತುವ ಹಿಂದಿನ ದಿನದವರೆಗೆ ಕಾಯುತ್ತೇನೆ.

ಮಳೆಯೇ ಬಾರದಿದ್ದರೂ ಕೆಲಸ ಕೆಡುವ ಇನ್ನೊಂದು ದಾರಿ ಇದೆ, ಹೊಸ ಸೂಪರ್‌ವೈಸರುಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೋಡ ಕವಿದು ಗಾಳಿಯ ಆರ್ದ್ರತೆ 90 ಪರ್ಸೆಂಟ್ ಇದ್ದರೆ ಭತ್ತ ಎಷ್ಟು ತೆಳ್ಳಗೆ ಹರವಿ ತಿರುವಿದರೂ 17ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಗಾಳಿಯೇ ಕಾಳಿಗೆ ತೇವ ಕೊಡುತ್ತಿರುತ್ತದೆ. ಅಂಥ ದಿನ ಹಮಾಲರಿಗೆ ಕೂಲಿ ಕೊಟ್ಟು ಹರವಿಸುವುದು ವ್ಯರ್ಥ. ಹೆಚ್ಚು ಹಸಿಯಾದ ಮಾಲನ್ನು ಮೊದಲು ಡ್ರೈಯರಿಗೆ ಹಾಕುತ್ತೇವೆ, ಉಳಿದದ್ದನ್ನು ಎತ್ತರದ ರಾಶಿ ಮಾಡದೆ ತಗ್ಗಾಗಿ ಎಳೆದು, ಮೇಲೆ ಹೊದಿಸಿ, ಎರಡು ತುದಿ ಗಾಳಿಯಾಡಲು ಬಿಡುತ್ತೇವೆ. ಬೆಳಿಗ್ಗೆ, ಸಂಜೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುವುದು ನನ್ನ ಕೆಲಸ. ಅಂಗೈಗೆ ಬಿಸಿ ತಾಗಿ ಹುಳಿ ವಾಸನೆ ಬಂದರೆ ಮೀಟರ್ ಹಚ್ಚುವ ಮುಂಚೆಯೇ ರಾಶಿ ಒಡೆಸಬೇಕು. ಒಂದು ರಾತ್ರಿ ತಡವಾದರೂ ಅಕ್ಕಿ ಹಳದಿ ತಿರುಗುತ್ತದೆ, ಸೋನಾ ಮಸೂರಿಯಲ್ಲಿ ಆ ಹಳದಿಗೆ ವ್ಯಾಪಾರಿ ಮೊದಲು ದರ ಇಳಿಸುತ್ತಾನೆ.

ತಾಡಪತ್ರಿ ಎಂದು ತೆಗೆಯಬೇಕು ಅನ್ನುವುದಕ್ಕೆ ಬಾಯ್ಲರ್ ಚಿಮಣಿಯ ಹೊಗೆ ನೋಡುವವರು ನಮ್ಮಲ್ಲಿದ್ದಾರೆ. ಹೊಗೆ ಪಶ್ಚಿಮಕ್ಕೆ ವಾಲಿದರೆ ಪೂರ್ವದ ಹಸಿ ಗಾಳಿ ಇನ್ನೂ ಇದೆ ಅನ್ನುವ ಲೆಕ್ಕ. ಚಂಡಮಾರುತ ಸುಳಿದಾಡುವಾಗ ಈ ಗುರುತು ಪರವಾಗಿಲ್ಲ, ಆದರೆ ಡಿಸೆಂಬರಿನ ಮಾಮೂಲು ಒಣ ಚಳಿಗಾಳಿಯೂ ಪೂರ್ವ, ಈಶಾನ್ಯದಿಂದಲೇ ಬರುತ್ತದೆ. ಹಾಗಾಗಿ ನಾನು ಹೊಗೆಯ ಜೊತೆಗೆ ಆಫೀಸಿನ ಗೋಡೆಯ ಆರ್ದ್ರತೆ ಮೀಟರನ್ನೂ ನೋಡುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅದು 70ರ ಕೆಳಗೆ ಇಳಿದ ದಿನ ಹಮಾಲರನ್ನು ಅಂಗಳಕ್ಕೆ ಕರೆಯುತ್ತೇನೆ.