ಬಲಗಡೆ ಖಾಲಿ ಬಿಟ್ಟ ಸಾಲು

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಕೋಣೆಗೆ ಶಹಾಬಾದಿ ಫರಸಿ ಹಾಸಿತ್ತು. ಮಾರ್ಚ್ ಬಿಸಿಲಿಗೆ ಬೆಂಚು ಬಿಟ್ಟು ಆ ತಣ್ಣನೆ ಕಲ್ಲಿನ ಮೇಲೇ ಕೂತು ಬರೆಯುತ್ತಿದ್ದೆವು. ಕನ್ನಡ ಸರ್ ಅವತ್ತು ಚಂದ್ರಹಾಸನ ಕಥೆಯ ಪತ್ರದ ಅಧ್ಯಾಯವನ್ನು ಓದಿ, ಸಾರಾಂಶ ಬರೆಯಲು ಹೇಳಿದರು. ಲಕ್ಷ್ಮೀಶನ ಜೈಮಿನಿ ಭಾರತದ ಕಥೆಯನ್ನು ಗದ್ಯದಲ್ಲಿ ಹೇಳಿದ ಒಂದು ಹಳೆ ಪುಸ್ತಕ ಅದು.

ನನಗಂತೂ ಖುಷಿ. ಆಳಂದ ಕಡೆಯ ನಮ್ಮೂರಲ್ಲಿ ಈ ಕಥೆಯ ಬಯಲಾಟವನ್ನು ರಾತ್ರಿಯಿಡೀ ನೋಡಿದವಳು ನಾನು. ಮೊದಲ ಸಾಲೇ ಹೀಗೆ ಬರೆದೆ: "ದೈವಬಲವಿದ್ದ ಚಂದ್ರಹಾಸನನ್ನು ಕಂಡು ಮರುಳಾದ ಜಾಣೆ ವಿಷಯೆ, ತಂದೆಯ ಕುತಂತ್ರವನ್ನು ಮುರಿಯಲು ಪತ್ರವನ್ನು ತಿದ್ದಿದಳು." ಮುಂದೆ ಸಖಿಯರ ಹಾಡೂ ಬಂತು.

ಸರ್ ಓದಿ ಕೇಳಿದರು: "ಕುತಂತ್ರ ಅಂತ ಅಕಿಗಿ ಯಾರು ಹೇಳ್ಯಾರವಾ?"

ನಾನು ಸುಮ್ಮನೆ ನಿಂತೆ.

"ಹಾಡು ನಿಮ್ಮೂರ ಆಟದ್ದು. ದೈವಬಲ ನಿಂದು. ಕುತಂತ್ರ ಓದೋರಿಗಿ ಗೊತ್ತದ, ಅಕಿಗಿ ಗೊತ್ತಿಲ್ಲ. ಪುಸ್ತಕದ್ದು ಏನು ಉಳೀತು?"

ಆಮೇಲೆ ಹಾಳೆಯ ನಡುವೆ ಒಂದು ಗೆರೆ ಎಳೆಸಿದರು. ಎಡಕ್ಕೆ ನಡೆದದ್ದು, ನಡೆದ ಕ್ರಮದಲ್ಲೇ. ಬಲಕ್ಕೆ ಆ ಪಾತ್ರ ಯಾಕೆ ಹಾಗೆ ಮಾಡಿತು ಎಂಬುದು, ಜೊತೆಗೆ ಅದು ಸಿಗುವ ಪುಟದ ಸಂಖ್ಯೆ. ಪುಟ ತೋರಿಸಲು ಬರದಿದ್ದರೆ ಬಲಗಡೆ ಖಾಲಿ ಬಿಡಬೇಕು. ಕಾರಣ ಬರೆಯುವ ಮುಂಚೆ ಒಂದೇ ಪ್ರಶ್ನೆ: ಆ ಗಳಿಗೆಯಲ್ಲಿ ಆ ಪಾತ್ರಕ್ಕೆ ಏನು ಗೊತ್ತಿತ್ತು?

ವಿಷಯೆಯ ಸಾಲಿಗೆ ಬಂದಾಗ ನಾನು ಪುಸ್ತಕ ತಿರುವಿ ಹುಡುಕಿದೆ. ಅವಳ ಅಪ್ಪ ಚಂದ್ರಹಾಸನ ಕೈಯಲ್ಲಿ ಮಗ ಮದನನಿಗೆ ಕಳಿಸಿದ ಪತ್ರದಲ್ಲಿ, ಇವನ ಕುಲ, ರೂಪ, ವಿದ್ಯೆ ಯಾವುದನ್ನೂ ವಿಚಾರಿಸದೆ ಕೊಡು ಎಂದಿತ್ತು. ಕೊಡಬೇಕಾದದ್ದು ವಿಷ. ಆದರೆ ಕುಲ ರೂಪ ವಿದ್ಯೆ ನೋಡುವುದು ವರನನ್ನು ಆರಿಸುವಾಗ. ಹಾಗಾಗಿ ಅಪ್ಪ 'ವಿಷಯೆ' ಎಂದು ಬರೆಯಲು ಹೋಗಿ ಅಕ್ಷರ ತಪ್ಪಿದ್ದಾನೆ ಎಂದುಕೊಂಡಳು. ಅವಳು ಅಪ್ಪನ ವಿರುದ್ಧ ಹೋಗಲಿಲ್ಲ, ಅಪ್ಪನ ತಪ್ಪು ತಿದ್ದಿದಳು. ನನ್ನ ಮೊದಲ ಸಾರಾಂಶದಲ್ಲಿ ಕುಲ-ರೂಪದ ಆ ಮಾತನ್ನು ಸಣ್ಣದೆಂದು ಬಿಟ್ಟಿದ್ದೆ. ಅದು ಬಿಟ್ಟುಹೋದರೆ ವಿಷಯೆಯೂ ಅರ್ಥವಾಗುವುದಿಲ್ಲ, ಮರುಮಾತಿಲ್ಲದೆ ಮದುವೆ ಮಾಡುವ ಮದನನೂ ಅರ್ಥವಾಗುವುದಿಲ್ಲ. ಆದರೆ ಚಂದ್ರಹಾಸ ಮಲಗಿದ್ದ ತೋಟದ ವರ್ಣನೆ ಎರಡು ಪುಟ ಇತ್ತು. ಅದಕ್ಕೆ ಸಾರಾಂಶದಲ್ಲಿ ಒಂದು ಪದ ಸಾಕಾಯಿತು.

ಮೂರನೇ ಸಲಕ್ಕೆ ನನ್ನದು ಹೀಗಾಯಿತು:

"ಮಂತ್ರಿ ದುಷ್ಟಬುದ್ಧಿ ಕುಳಿಂದನ ಊರಿಗೆ ಬರುತ್ತಾನೆ. ಕುಳಿಂದನ ಮಗ ಕಾಡಿನಲ್ಲಿ ಸಿಕ್ಕವನೆಂದು ತಿಳಿದು, ತಾನು ಹಿಂದೆ ಕೊಲ್ಲಿಸಲು ಕಳಿಸಿದ್ದ ಹುಡುಗ ಇವನೇ ಎಂದು ಗುರುತಿಸುತ್ತಾನೆ. ಈ ಹುಡುಗ ರಾಜ್ಯವಾಳುತ್ತಾನೆಂದು ಬ್ರಾಹ್ಮಣರು ಹೇಳಿದ್ದು ಅವನಿಗೆ ನೆನಪಿದೆ. ರಾಜ್ಯ ತನ್ನ ಮಗನಿಗೇ ಉಳಿಯಬೇಕೆಂದು, ಇವನ ಕುಲ ರೂಪ ವಿದ್ಯೆ ವಿಚಾರಿಸದೆ ವಿಷ ಕೊಡು ಎಂದು ಮಗ ಮದನನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಚಂದ್ರಹಾಸ ದಣಿದು ತೋಟದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಅವನನ್ನು ಮೆಚ್ಚಿ ಹತ್ತಿರ ಬಂದು ಪತ್ರ ಓದುತ್ತಾಳೆ. ತಂದೆ ಬರೆಯುವಾಗ ತಪ್ಪಿದ್ದಾನೆಂದು ತಿಳಿದು 'ವಿಷ'ವನ್ನು 'ವಿಷಯೆ' ಎಂದು ತಿದ್ದುತ್ತಾಳೆ. ಮದನ ಅದನ್ನು ತಂದೆಯ ಆಜ್ಞೆಯೆಂದು ನಂಬಿ ತಂಗಿಯ ಮದುವೆ ಮಾಡುತ್ತಾನೆ."

'ಹಿಂದೆ ಕೊಲ್ಲಿಸಲು ಕಳಿಸಿದ್ದ' ಎಂಬುದು ನಡೆದದ್ದು ಇನ್ನೊಂದು ಅಧ್ಯಾಯದಲ್ಲಿ. ಈ ಅಧ್ಯಾಯದಲ್ಲಿ ಮಂತ್ರಿ ಅದನ್ನು ನೆನೆಯುವುದರಿಂದ, ಅವನು ನೆನೆಯುವ ಜಾಗದಲ್ಲೇ ಅದು ಬರಬೇಕು, ಮೊದಲಿಗೆ ತಂದಿಡಬಾರದು ಎಂದರು ಸರ್. ನಮ್ಮ ಗೆಳತಿಯೊಬ್ಬಳು 'ದುಷ್ಟನಾದ ದುಷ್ಟಬುದ್ಧಿ' ಎಂದು ಬರೆದಿದ್ದಳು. 'ದುಷ್ಟನಾದ' ಎಂಬುದನ್ನು ಹೊಡೆದು ಹಾಕಿ, "ಹೆಸರು ಕವಿ ಇಟ್ಟಿದ್ದು, ಅದಕ್ಕ ನಾವೇನೂ ಮಾಡಂಗಿಲ್ಲ" ಎಂದು ನಕ್ಕರು.

ಸಾರಾಂಶದ ಲೆಕ್ಕ ಮುಗಿಯಿತು ಎಂದುಕೊಂಡಾಗ ನನಗೊಂದು ಅನುಮಾನ ಬಂತು. ಚಂದ್ರಹಾಸ ದಾರಿಯಲ್ಲಿ ಆ ಪತ್ರವನ್ನು ಒಮ್ಮೆಯೂ ಯಾಕೆ ಬಿಚ್ಚಿ ನೋಡಲಿಲ್ಲ? ಅವನು ಪ್ರಾಮಾಣಿಕ, ಅದಕ್ಕೆ ಎಂದು ಬಲಗಡೆ ಬರೆದೆ.

"ಪುಟ?" ಎಂದರು ಸರ್.

ಆ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ರಬ್ಬರ್ ತಗೊಂಡು ಅಳಿಸಿದೆ.

"ಬ್ಯಾರೆ ವಹಿಯಾಗ ಬರ್ಕೊ. ಅದು ನಿನ್ನ ವಿಚಾರ, ಛಲೋ ಅದ. ಇಲ್ಲಿ ಬ್ಯಾಡ."

ಆ ನೋಟ್‌ಬುಕ್ ಇನ್ನೂ ನನ್ನ ಟ್ರಂಕಿನಲ್ಲಿದೆ. ಗೆರೆಯ ಬಲಗಡೆ, ಆ ಒಂದು ಸಾಲಿನ ಎದುರಿಗೆ, ಪೆನ್ಸಿಲ್ಲಿನ ಮಸುಕು ಗುರುತು ಮಾತ್ರ ಕಾಣುತ್ತದೆ.