ಒಂದು ಲೋಟ ನಿಂಬೆ ಶರಬತ್ತಿನ ಅಸಲು ಎಷ್ಟು?

ಅಮೆರಿಕದಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಮಕ್ಕಳು ಮನೆಯ ಮುಂದೆ ಮೇಜು ಹಾಕಿ ನಿಂಬೆ ಶರಬತ್ತು ಮಾರುವುದು ಬಹಳ ಹಳೆಯ ರೂಢಿ. ಇಲ್ಲಿ ಇದಕ್ಕೆ ಲೆಮನೇಡ್ ಸ್ಟ್ಯಾಂಡ್ ಎನ್ನುತ್ತಾರೆ. ನಾವಿರುವ ಟೆಕ್ಸಸ್ ರಾಜ್ಯದಲ್ಲಿ ಮಕ್ಕಳು ಹೀಗೆ ಖಾಸಗಿ ಜಾಗದಲ್ಲಿ ಪಾನೀಯ ಮಾರುವುದಕ್ಕೆ ಪರವಾನಗಿ ಬೇಕಿಲ್ಲವೆಂದು 2019ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಹತ್ತು ವರ್ಷದ ನಮ್ಮ ಮಗ ಈ ವರ್ಷದ ಜೂನ್ ತಿಂಗಳಲ್ಲಿ ತಾನೂ ಒಂದು ಅಂಗಡಿ ಇಡುವೆನೆಂದು ಹೊರಟಾಗ, ನಾನು ಹಾಕಿದ ಷರತ್ತು ಒಂದೇ ಆಗಿತ್ತು. ಸಾಮಾನಿನ ದುಡ್ಡನ್ನು ನಾನು ಸಾಲವಾಗಿ ಕೊಡುತ್ತೇನೆ, ಆದರೆ ಒಂದು ಲೋಟಕ್ಕೆ ಎಷ್ಟು ಖರ್ಚು, ಎಷ್ಟು ಲಾಭ ಎಂಬುದನ್ನು ಅವನೇ ಲೆಕ್ಕ ಹಾಕಿ ಮಂಡ್ಯದಲ್ಲಿರುವ ತಾತನಿಗೆ ಒಪ್ಪಿಸಬೇಕು. ನಮ್ಮ ಮಾವನವರು ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಎಷ್ಟು ಟನ್ ಕಬ್ಬು ಅರೆದರೆ ಎಷ್ಟು ಸಕ್ಕರೆ ಇಳಿಯಿತು ಎಂಬುದನ್ನೇ ಜೀವಮಾನವಿಡೀ ನೋಡಿದ ಅವರಿಗೆ ಮೊಮ್ಮಗನ ನಿಂಬೆಹಣ್ಣಿನ ಲೆಕ್ಕ ನೋಡುವುದೆಂದರೆ ಸಂತೋಷದ ಕೆಲಸ.

ಅಂಗಡಿಯಿಂದ ತಂದ ಸಾಮಾನು ನಾಲ್ಕೇ ನಾಲ್ಕು. ನಿಂಬೆಹಣ್ಣು 24, ಒಂದಕ್ಕೆ 50 ಸೆಂಟಿನಂತೆ 12 ಡಾಲರ್. ಸಕ್ಕರೆ ಸುಮಾರು 1.8 ಕಿಲೋದ ಒಂದು ಪೊಟ್ಟಣ, 3 ಡಾಲರ್ 60 ಸೆಂಟ್. ಸುಮಾರು ನಾಲ್ಕೂವರೆ ಕಿಲೋ ತೂಗುವ ಐಸ್ ಚೀಲ 3 ಡಾಲರ್. 50 ಪ್ಲಾಸ್ಟಿಕ್ ಲೋಟಗಳ ಕಟ್ಟು 4 ಡಾಲರ್. ಒಟ್ಟು 22 ಡಾಲರ್ 60 ಸೆಂಟ್. ಲೋಟಗಳು 50 ಇರುವುದರಿಂದ ಅವನು ಈ ಮೊತ್ತವನ್ನು 50ರಿಂದ ಭಾಗಿಸಿ, ಲೋಟಕ್ಕೆ 45 ಸೆಂಟ್ ಖರ್ಚು, ಒಂದು ಡಾಲರಿಗೆ ಮಾರಿದರೆ 55 ಸೆಂಟ್ ಲಾಭ ಎಂದು ಬರೆದಿಟ್ಟುಕೊಂಡ. ಶನಿವಾರ ಬೆಳಿಗ್ಗೆ ಎಂಟಕ್ಕೆ, ಅಂದರೆ ಮಂಡ್ಯದಲ್ಲಿ ಸಂಜೆ ಆರೂವರೆಗೆ, ವಿಡಿಯೊ ಕರೆಯಲ್ಲಿ ತಾತನಿಗೆ ಅದನ್ನು ಓದಿ ಹೇಳಿದ.

ಮಾವ ಪೂರ್ತಿ ಕೇಳಿಸಿಕೊಂಡು, "ಲೋಟ ಐವತ್ತು ಇದೆ, ಸರಿ ಕಣಪ್ಪ. ಶರಬತ್ತು ಎಷ್ಟು ಲೋಟಕ್ಕೆ ಬರುತ್ತೆ ಅಂತ ಅಳೆದು ನೋಡಿದ್ಯಾ?" ಎಂದರು.

ಅಳೆದಿರಲಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಅಳತೆಯ ಕೆಲಸ ಶುರುವಾಯಿತು. ಇಲ್ಲಿನ ನಿಂಬೆಹಣ್ಣು ನಮ್ಮೂರಿನ ತೆಳುಸಿಪ್ಪೆಯ ನಿಂಬೆಯಲ್ಲ. ಹಳದಿ ಬಣ್ಣದ, ದಪ್ಪ ಸಿಪ್ಪೆಯ, ಗಾತ್ರದಲ್ಲಿ ಬಹಳ ದೊಡ್ಡದಾದ ಹಣ್ಣು. ಒಂದನ್ನು ಹಿಂಡಿದರೆ ಸುಮಾರು 40 ಮಿಲಿಲೀಟರ್ ರಸ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಕೊಯ್ದ ಹಣ್ಣುಗಳು ಕಡಿಮೆ ರಸ ಬಿಟ್ಟಿದ್ದರಿಂದ, ಉಳಿದವನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಮೇಜಿನ ಮೇಲೆ ಅಂಗೈಯಿಂದ ಒತ್ತಿ ಉರುಳಿಸಿ ಆಮೇಲೆ ಕೊಯ್ದೆವು. 24 ಹಣ್ಣಿಗೆ ಹೆಚ್ಚುಕಡಿಮೆ ಒಂದು ಲೀಟರ್ ರಸ, ಅದಕ್ಕೆ 800 ಗ್ರಾಂ ಸಕ್ಕರೆ, ರಸದ ನಾಲ್ಕರಷ್ಟು ನೀರು. ಸಕ್ಕರೆ ಕರಗಿದ ಮೇಲೆ ಅದೂ ಸುಮಾರು ಅರ್ಧ ಲೀಟರಿನಷ್ಟು ಜಾಗ ಹಿಡಿಯುವುದನ್ನು ಕಂಡು ಮಗನಿಗೆ ಆಶ್ಚರ್ಯವಾಯಿತು. ಕರಗಿ ಕಾಣದಂತಾದದ್ದು ಅಳತೆಯಲ್ಲಿ ಕಾಣಿಸುತ್ತದೆಂದು ಅವನು ಎಣಿಸಿರಲಿಲ್ಲ. ಕೊನೆಗೆ ಸಿಕ್ಕಿದ್ದು ಐದೂಕಾಲು ಲೀಟರಿಗಿಂತ ತುಸು ಹೆಚ್ಚು.

ನಮ್ಮ ಲೋಟ ಕಂಠಮಟ್ಟ ತುಂಬಿದರೆ ಸುಮಾರು 300 ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿ 90 ಗ್ರಾಂ ಐಸ್ ಹಾಕಿ, ಚೆಲ್ಲದಂತೆ ಮೇಲೆ ಸ್ವಲ್ಪ ಜಾಗ ಬಿಟ್ಟರೆ, ಶರಬತ್ತಿಗೆ ಉಳಿಯುವುದು 175 ಮಿಲಿಲೀಟರ್. ಹಾಗೆ ಲೆಕ್ಕ ಹಾಕಿದರೆ 30 ಲೋಟ. ಭಾಗಿಸಬೇಕಾದ ಸಂಖ್ಯೆ 50 ಅಲ್ಲ, 30. ಜೊತೆಗೆ, ಕೊಂಡು ತಂದದ್ದೆಲ್ಲ ಆ ದಿನದ ಖರ್ಚಲ್ಲ ಎಂಬುದನ್ನೂ ಮಾವ ಬಿಡಿಸಿ ಹೇಳಿದರು. ಪೊಟ್ಟಣದಲ್ಲಿ ಉಳಿದ ಒಂದು ಕಿಲೋ ಸಕ್ಕರೆ ಡಬ್ಬಿಗೆ ಹೋಗುತ್ತದೆ, ಬಳಸದ ಲೋಟಗಳು ಮುಂದಿನ ಸಲಕ್ಕೆ ಆಗುತ್ತವೆ, ಇವೆರಡೂ ದಾಸ್ತಾನು. ಐಸ್ ಮಾತ್ರ ಹಾಗಲ್ಲ, ಬಳಸಲಿ ಬಿಡಲಿ, ಚೀಲ ಒಡೆದ ಮೇಲೆ ಅದರ ಮೂರು ಡಾಲರ್ ಹೋದಂತೆಯೇ. ಈ ರೀತಿ ಮತ್ತೆ ಬರೆದಾಗ ಲೋಟಕ್ಕೆ ನಿಂಬೆ 40 ಸೆಂಟ್, ಸಕ್ಕರೆ 5, ಲೋಟ 8, ಐಸ್ 10, ಒಟ್ಟು 63 ಸೆಂಟ್ ಆಯಿತು; ಲಾಭ 37 ಸೆಂಟ್. ಸಕ್ಕರೆಯೇ ದುಬಾರಿಯೆಂದುಕೊಂಡು ಅದನ್ನು ಕಡಿಮೆ ಹಾಕುವ ಯೋಚನೆಯಲ್ಲಿದ್ದ ಹುಡುಗನಿಗೆ, ನಾಲ್ಕರಲ್ಲಿ ಅತಿ ಅಗ್ಗದ್ದು ಅದೇ ಎಂದು ತಿಳಿದದ್ದು ಆಗಲೇ.

ಆ ದಿನ ಮಾರಾಟವಾದದ್ದು 22 ಲೋಟ. ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುವವರು, ಸೈಕಲ್ ಹುಡುಗರು, ಅಂಚೆಯವರು, ಎದುರುಮನೆಯ ಅಜ್ಜಿ ಎಲ್ಲರೂ ಕುಡಿದರು. ಮಧ್ಯಾಹ್ನ ಎರಡರ ಬಿಸಿಲಿಗೆ ಬೀದಿ ಖಾಲಿಯಾದಾಗ ಮೇಜು ಎತ್ತಿದೆವು. 30ರಲ್ಲಿ 22 ಕಳೆದರೆ ಎಂಟು ಲೋಟದ ಶರಬತ್ತು ಉಳಿಯಬೇಕಿತ್ತು, ಆದರೆ ಪಾತ್ರೆಯಲ್ಲಿದ್ದದ್ದು ಐದು ಲೋಟದಷ್ಟು ಮಾತ್ರ. ಯಾರೂ ಬಿಟ್ಟಿ ಕುಡಿದಿರಲಿಲ್ಲ, ಚೆಲ್ಲಿಯೂ ಇರಲಿಲ್ಲ. ಉತ್ತರ ಐಸ್ ಪೆಟ್ಟಿಗೆಯಲ್ಲಿತ್ತು. ಮುಚ್ಚಳ ತೆರೆದೇ ಇಟ್ಟಿದ್ದರಿಂದ ಗಡ್ಡೆಗಳು ಕರಗಿ ಅರ್ಧದಷ್ಟಾಗಿದ್ದವು. ಕೊನೆಯ ಹತ್ತು ಲೋಟಗಳಿಗೆ ಅವನು ಎಂದಿನಂತೆ ಐದೈದು ಗಡ್ಡೆಗಳನ್ನೇ ಎಣಿಸಿ ಹಾಕಿದ್ದ, ಆದರೆ ಅವು ಸಣ್ಣವಾಗಿದ್ದರಿಂದ ಲೋಟ ತುಂಬಲು ಐವತ್ತು ಮಿಲಿಲೀಟರಿನಷ್ಟು ಹೆಚ್ಚು ಶರಬತ್ತು ಹಿಡಿದಿತ್ತು. ಹತ್ತು ಲೋಟಕ್ಕೆ ಅರ್ಧ ಲೀಟರ್, ಅಂದರೆ ಮೂರು ಲೋಟದ ಶರಬತ್ತು ಹೀಗೆ ಹೋಗಿತ್ತು. ಐಸ್ ಬರೀ ತಂಪಿಗಲ್ಲ, ಅದು ಲೋಟದಲ್ಲಿ ಜಾಗ ಹಿಡಿಯುವ ವಸ್ತು ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಗೊತ್ತಿಲ್ಲ.

ಸಂಜೆ ಲೆಕ್ಕ ಮುಗಿಸಿದಾಗ ಬಂದದ್ದು 22 ಡಾಲರ್. ಖರ್ಚು: ಹಿಂಡಿಬಿಟ್ಟ ಎಲ್ಲ ನಿಂಬೆಹಣ್ಣಿಗೆ 12, ಸಕ್ಕರೆಗೆ 1.60, ಐಸಿಗೆ 3, ಬಳಸಿದ ಲೋಟಗಳಿಗೆ 1.76. ಉಳಿದದ್ದು 3 ಡಾಲರ್ 64 ಸೆಂಟ್, ಲೋಟಕ್ಕೆ ಹದಿನಾರೂವರೆ ಸೆಂಟ್. ಬೆಳಿಗ್ಗೆ 37 ಎಂದು ಬರೆದದ್ದು ಸಂಜೆಗೆ ಅರ್ಧಕ್ಕಿಂತ ಕೆಳಗೆ ಇಳಿಯಿತೆಂದು ಹುಡುಗ ಕಂಗಾಲಾದ. ಲೋಟವೊಂದರ ಲಾಭ ಎನ್ನುವುದು ಎಷ್ಟು ಲೋಟ ಮಾರಿದೆವು ಎಂಬುದರ ಮೇಲೆ ನಿಂತಿದೆ, ಅದನ್ನು ಮೊದಲೇ ಬರೆದಿಡಲಾಗದು ಎಂದು ಮಾವ ಸಮಾಧಾನ ಮಾಡಿದರು. ಅವನು ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. ಉಳಿದ ಐದು ಲೋಟವನ್ನು 50 ಸೆಂಟಿಗೆ ಕೊಟ್ಟಿದ್ದರೆ ನಷ್ಟವಾಗುತ್ತಿತ್ತೇ, ಅಸಲು 63 ಸೆಂಟ್ ಅಲ್ಲವೇ ಎಂದ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನವಳು ಎರಡು ಕಟ್ಟನ್ನು ಒಂದರ ಬೆಲೆಗೆ ಕೊಟ್ಟು ಎದ್ದುಹೋಗುವ ಹಾಗೆ, ಹಿಂಡಿದ ಹಣ್ಣು, ಕರಗಿಸಿದ ಸಕ್ಕರೆ, ಕರಗುತ್ತಿರುವ ಐಸ್ ಇವುಗಳ ದುಡ್ಡು ಆಗಲೇ ಹೋಗಿರುತ್ತದೆ. ಆ ಹೊತ್ತಿನಲ್ಲಿ ಒಂದು ಲೋಟ ಹೆಚ್ಚು ಮಾರಲು ಹೊಸದಾಗಿ ತಗಲುವುದು ಪ್ಲಾಸ್ಟಿಕ್ ಲೋಟದ 8 ಸೆಂಟ್ ಮಾತ್ರ. 50ಕ್ಕೆ ಕೊಟ್ಟರೂ 42 ಸೆಂಟ್ ಕೈಗೆ ಬರುತ್ತಿತ್ತು.

ಜುಲೈನಲ್ಲಿ ಮಂಡ್ಯಕ್ಕೆ ಬಂದಾಗ ಮಾವ ಮೊಮ್ಮಗನನ್ನು ತಾವು ದಿನವೂ ಹೋಗುವ ಶರಬತ್ತಿನ ಗಾಡಿಯ ಹತ್ತಿರ ಕರೆದುಕೊಂಡು ಹೋದರು. ಗಾಡಿಯವರು ಮಾತಾಡಲು ಬೇಸರಪಡದ ಮನುಷ್ಯ. ಹಣ್ಣಿಗೆ ಆ ದಿನ ನಾಲ್ಕು ರೂಪಾಯಿ, ಲೋಟಕ್ಕೆ ಒಂದು ಹಣ್ಣು. ಸಕ್ಕರೆ ಒಂದೂಕಾಲು ರೂಪಾಯಿಯ ಮೇಲೆ ಇಲ್ಲ. ಐಸ್ ದಿನಕ್ಕೆ 60 ರೂಪಾಯಿ. ನೂರು ಲೋಟ ಹೋದ ದಿನ ಐಸಿನ ಪಾಲು ಲೋಟಕ್ಕೆ 60 ಪೈಸೆ, ಮಳೆ ಹಿಡಿದು ಮೂವತ್ತೇ ಹೋದರೆ ಎರಡು ರೂಪಾಯಿ. ಗಾಜಿನ ಲೋಟಗಳನ್ನು ತೊಳೆದು ಮತ್ತೆ ಬಳಸುವುದರಿಂದ ಲೋಟದ ಖರ್ಚು ಇಲ್ಲವೆಂದೇ ಹೇಳಬೇಕು. ಆದರೆ ಹೊತ್ತು ತಂದ ನೀರು, ತೊಳೆಯುವ ಶ್ರಮ ಇದೆ. ಇಪ್ಪತ್ತು ರೂಪಾಯಿಗೆ ಮಾರಿ ಉಳಿಯುವ ಹಣದಲ್ಲಿ ಅವರ ದಿನದ ಕೂಲಿಯೂ ಮನೆಯ ಖರ್ಚೂ ಹೊರಡಬೇಕು. ನಮ್ಮ ಮಗನ ಲೆಕ್ಕದಲ್ಲಿ ಅವನ ಕೂಲಿಯಾಗಲಿ, ನಾವು ಕಾರಿನಲ್ಲಿ ಹೋಗಿ ಸಾಮಾನು ತಂದ ಪೆಟ್ರೋಲಾಗಲಿ ಸೇರಿಲ್ಲ ಎಂಬುದನ್ನು ಮಾವ ಅಲ್ಲೇ ನಿಂತು ಅವನಿಗೆ ಎತ್ತಿ ತೋರಿಸಿದರು.

ಮಗ ಅಲ್ಲಿ ಬಹಳ ಹೊತ್ತು ನೋಡಿದ್ದು ಗಾಡಿಯವರ ಕೈಯನ್ನು. ಗಿರಾಕಿ ಬಂದು ಕೇಳಿದ ಮೇಲೆ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಕೊಯ್ದು, ಮರದ ಒತ್ತಿನಲ್ಲಿಟ್ಟು ಹಿಂಡುತ್ತಾರೆ. ಅದಕ್ಕೆ ಮೊದಲು ಚಾಕು ಮುಟ್ಟುವುದಿಲ್ಲ. ಯಾಕೆ ಎಲ್ಲವನ್ನೂ ಬೆಳಿಗ್ಗೆಯೇ ಹಿಂಡಿ ಇಟ್ಟುಕೊಳ್ಳುವುದಿಲ್ಲವೆಂದು ಕೇಳಿದ. "ಕುಯ್ದ್ ಹಣ್ಣು ಸಂಜೆಗೆ ಕಹಿಯಾಯ್ತದೆ ಮಗಾ, ಕುಯ್ಯದೆ ಇರೋದು ನಾಳೀಕೂ ಆಯ್ತದೆ" ಎಂದರು. ಬುಟ್ಟಿಯಲ್ಲಿ ಉಳಿದ ಇಡೀ ಹಣ್ಣು ಅವರ ಪಾಲಿಗೆ ದಾಸ್ತಾನು, ಹಿಂಡಿದ ರಸ ಖರ್ಚು. ನಮ್ಮ ಸಕ್ಕರೆ ಡಬ್ಬಿಯ ವಿಷಯದಲ್ಲಿ ಅವನಿಗೆ ಅರ್ಥವಾಗಿದ್ದ ಮಾತು ನಿಂಬೆಹಣ್ಣಿಗೂ ಹೊಂದುತ್ತದೆ ಎಂಬುದು ಆಗ ಹೊಳೆಯಿತು. ಹೊಳೆದದ್ದು ಅವನ ಮುಖದಲ್ಲೇ ಕಾಣಿಸಿತು.

ಆಗಸ್ಟಿನಲ್ಲಿ ಟೆಕ್ಸಸಿಗೆ ಮರಳಿದ ಮೇಲೆ ಶಾಲೆ ಶುರುವಾಗುವ ಮುಂಚಿನ ಶನಿವಾರ ಮತ್ತೆ ಮೇಜು ಹಾಕಿದ. ಹಣ್ಣು 24 ಇದ್ದರೂ ದೊಡ್ಡ ಪಾತ್ರೆಯ ಬದಲು ಸಣ್ಣ ಜಗ್ ತಂದುಕೊಂಡು, ಒಂದು ಸಲಕ್ಕೆ ಆರು ಹಣ್ಣು ಮಾತ್ರ ಹಿಂಡಿದ. ಒಂದು ಜಗ್ಗಿಗೆ ಏಳು ಲೋಟ ಮತ್ತು ಸ್ವಲ್ಪ. ಜಗ್ಗಿನಲ್ಲಿ ಎರಡು ಲೋಟದಷ್ಟು ಉಳಿದಾಗ ಮಾತ್ರ ಮುಂದಿನ ಆರು ಹಣ್ಣಿನ ಯೋಚನೆ. ಐಸ್ ಪೆಟ್ಟಿಗೆಯನ್ನು ನೆರಳಿಗೆ ಎಳೆದು, ಮುಚ್ಚಳದ ಮೇಲೆ ದಪ್ಪ ಟವೆಲ್ ಹಾಕಿದ. ಗಡ್ಡೆಗಳನ್ನು ಎಣಿಸುವುದನ್ನು ಬಿಟ್ಟು, ಲೋಟದ ಮೇಲೆ ಪೆನ್ನಿನಿಂದ ಎಳೆದ ಗೆರೆಯವರೆಗೆ ಐಸ್ ತುಂಬತೊಡಗಿದ.

ಮೋಡ ಕವಿದಿದ್ದರಿಂದ ಆ ದಿನ ವ್ಯಾಪಾರ ಇನ್ನೂ ಕಡಿಮೆ, ಬರೀ 15 ಲೋಟ. ಎರಡು ಜಗ್ಗಿಗೆ ಸರಿಹೋಯಿತು. ನಿಂಬೆ 12ಕ್ಕೆ 6 ಡಾಲರ್, ಸಕ್ಕರೆ 80 ಸೆಂಟ್, ಐಸ್ 3 ಡಾಲರ್, ಲೋಟ 1 ಡಾಲರ್ 20 ಸೆಂಟ್. ಒಟ್ಟು ಖರ್ಚು 11, ಲಾಭ 4 ಡಾಲರ್. ಜೂನಿನಲ್ಲಿ ಏಳು ಲೋಟ ಹೆಚ್ಚು ಮಾರಿಯೂ ಉಳಿದದ್ದು 3.64. ಮೊದಲಿನಂತೆ ಎಲ್ಲ 24 ಹಣ್ಣನ್ನೂ ಬೆಳಿಗ್ಗೆಯೇ ಹಿಂಡಿಬಿಟ್ಟಿದ್ದರೆ 2 ಡಾಲರ್ 80 ಸೆಂಟ್ ಕೈಯಿಂದ ಹೋಗುತ್ತಿತ್ತೆಂದು ಅವನೇ ಲೆಕ್ಕ ಹಾಕಿ, ಹಾಳೆಯ ಚಿತ್ರ ತೆಗೆದು ತಾತನಿಗೆ ಕಳುಹಿಸಿದ. ಉಳಿದ ಹನ್ನೆರಡು ಹಣ್ಣಿನಲ್ಲಿ ನಾನು ಉಪ್ಪಿನಕಾಯಿ ಹಾಕಲು ನಾಲ್ಕನ್ನು ಕೇಳಿದಾಗ, ಒಂದಕ್ಕೆ 50 ಸೆಂಟಿನಂತೆ ಎರಡು ಡಾಲರನ್ನು ನನ್ನ ಸಾಲದಲ್ಲಿ ಮುರಿದುಕೊಂಡ.