‘ಆಯ್ತು, ನೋಡೋಣ’ ಅಂದರೆ ಒಪ್ಪಿಗೆಯಲ್ಲ

“ರೆಕಾರ್ಡಿಂಗ್ ಇದೆಯಲ್ಲ, ಕೇಳ್ಕೊಂಡು ಟೈಪ್ ಮಾಡಿದ್ರೆ ಮುಗೀತಲ್ವಾ? ಒಂದು ಗಂಟೆ ಮೀಟಿಂಗಿಗೆ ಎರಡು ದಿನ ಯಾಕೆ?”

ಸಭೆಗಳ ನಡಾವಳಿ ಬರೆಯುವ ನನ್ನನ್ನು ಜನ ಹೀಗೆ ಕೇಳುತ್ತಾರೆ. ಮುಗಿಯುವುದಿಲ್ಲ. ನಡಾವಳಿಗೆ ಬೇಕಾದ್ದು ಮಾತಲ್ಲ, ತೀರ್ಮಾನ. ನಮ್ಮ ಕಡೆ ಜನ ತೀರ್ಮಾನವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದ ಆಡಳಿತ ಮಂಡಳಿ ಸಭೆ. ಜುಲೈ ತಿಂಗಳು. ಶೀಟಿನ ಮೇಲೆ ಮಳೆ ಹೊಡೆಯುವ ಸದ್ದೇ ಅರ್ಧ ರೆಕಾರ್ಡಿಂಗ್. ಗೋದಾಮಿನ ಮಾಡು ರಿಪೇರಿಯ ವಿಷಯ ಬಂತು.

“ಒಂದೂವರೆ ಆಗ್ತದಂತೆ.”
“ಜಾಸ್ತಿ ಆಯ್ತು ಮಾರಾಯ್ರೆ. ಇನ್ನೊಂದು ಕೊಟೇಶನ್ ತರಿಸಿ.”
“ಆಯ್ತು, ನೋಡೋಣ. ಮುಂದಿನದು ಓದಿ.”

ಕೊನೆಯ ಮಾತು ಅಧ್ಯಕ್ಷರದು. ಆಗ ನಾನು ಹೊಸಬ. ‘ಆಯ್ತು’ ಕೇಳಿದ್ದೇ ‘ರೂ. 1,50,000 ವೆಚ್ಚಕ್ಕೆ ಸರ್ವಾನುಮತದಿಂದ ಅನುಮೋದಿಸಲಾಯಿತು’ ಅಂತ ಬರೆದೆ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ಓದುವಾಗ ಒಬ್ಬ ನಿರ್ದೇಶಕರು ಎದ್ದು ನಿಂತರು. “ನಾನು ಒಪ್ಪಿದ್ದೆಲ್ಲಿ?” ಅಂದರು. ಸಹಿ ಹಾಕಲಿಲ್ಲ. ಅವರು ಹೇಳಿದ್ದೇ ಸರಿ. ಆ ‘ಆಯ್ತು’ ಅಂದರೆ ‘ಕೇಳಿಸಿಕೊಂಡೆ’ ಅಂತ ಅಷ್ಟೇ.

ಈಗಾದರೆ ಅದನ್ನು ಹೀಗೆ ಬರೆಯುತ್ತೇನೆ: ‘ಅಂದಾಜು ವೆಚ್ಚ ರೂ. 1,50,000 ಎಂದು ಸಭೆಗೆ ತಿಳಿಸಲಾಯಿತು. ಮತ್ತೊಂದು ದರಪಟ್ಟಿ ತರಿಸುವಂತೆ ಸದಸ್ಯರೊಬ್ಬರು ಸೂಚಿಸಿದರು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.’ ಈ ‘ಮುಂದೂಡಲಾಯಿತು’ ಕೂಡ ನನ್ನ ಊಹೆಯೇ. ಅದಕ್ಕೇ ಕರಡನ್ನು ಮೊದಲು ಕಾರ್ಯದರ್ಶಿಗೆ ಓದಿ ಹೇಳುತ್ತೇನೆ. ‘ಒಂದೂವರೆ’ ಲಕ್ಷವೇ ಅಂತಲೂ ಕೇಳುತ್ತೇನೆ, ಯಾಕೆಂದರೆ ರೆಕಾರ್ಡಿಂಗಿನಲ್ಲಿ ಆ ‘ಲಕ್ಷ’ ಯಾರ ಬಾಯಲ್ಲೂ ಬಂದಿಲ್ಲ.

ಇಂಗ್ಲಿಷ್ ಸಾರಾಂಶ ಬರೆಯಲು ಕೂತಾಗ ಇನ್ನೊಂದು ತೊಡಕು. ‘ತರಿಸಿ’ ಅಂದರಲ್ಲ, ತರಿಸಬೇಕಾದವರು ಯಾರು? ಕನ್ನಡದಲ್ಲಿ ಯಾರೂ ಇಲ್ಲದೆಯೇ ವಾಕ್ಯ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬಿಟ್ಟರೆ ಓದಿದವರು ಮೊದಲು ಕೇಳುವುದೇ ಅದನ್ನು. ‘ಅವರು ಹೇಳಿದ್ರು’ ಅನ್ನುವುದೂ ಅಷ್ಟೇ. ಅದು ಒಬ್ಬರೋ, ನಾಲ್ಕು ಜನವೋ? ಗಂಡಸೋ, ಹೆಂಗಸೋ? ಹಾಜರಿ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ದನಿ ಗುರುತಿಸಬೇಕು. ಅದಾಗದಿದ್ದರೆ ಫೋನ್ ಮಾಡಬೇಕು.

ಇಂಗ್ಲಿಷನ್ನು ರೆಕಾರ್ಡಿಂಗ್ ಕೇಳಿ ನೇರವಾಗಿ ಬರೆಯಬೇಡಿ. ಒಪ್ಪಿಗೆಯಾದ ಕನ್ನಡ ನಡಾವಳಿಯಿಂದಲೇ ಬರೆಯಿರಿ. ಇಲ್ಲದಿದ್ದರೆ ಕನ್ನಡದಲ್ಲಿ ‘ಮುಂದೂಡಲಾಯಿತು’, ಇಂಗ್ಲಿಷಿನಲ್ಲಿ ‘ಅಪ್ರೂವ್ಡ್’ ಅಂತಾಗಿ, ಆಡಿಟ್ ಹೊತ್ತಿಗೆ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ.

“ಇದರಲ್ಲಿ ಯಾವುದು ಅವರ ಮಾತು, ಯಾವುದು ನಿನ್ನ ಊಹೆ?” ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಕೇಳಿದರೆ ತೋರಿಸುತ್ತೇನೆ. ಊಹೆ ಇರುವ ಪ್ರತಿ ಸಾಲಿನ ಪಕ್ಕ ಕರಡಿನಲ್ಲಿ ಪೆನ್ಸಿಲಿನಿಂದ ರೆಕಾರ್ಡಿಂಗಿನ ನಿಮಿಷ ಬರೆದಿರುತ್ತೇನೆ. ಮಾಡು ರಿಪೇರಿಯ ಪಕ್ಕ 41 ಅಂತ ಇದೆ.